ಕಢಿ ಕುದಿಸಿದರೆ ಒಡೆಯುತ್ತದೆಯೇ? ಉಪ್ಪು ಕೊನೆಯಲ್ಲೇ ಹಾಕಬೇಕೇ? ಕಡಲೆ ಹಿಟ್ಟು ಮಾಡುವ ಕೆಲಸವೇನು?

ಮಜ್ಜಿಗೆ ಕಢಿಯ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಸಲಹೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಲೆ ಕೆಡುತ್ತದೆ. "ಕಢಿ ಕುದಿಯಲೇಬಾರದು, ಕುದಿದರೆ ಒಡೆದುಹೋಗುತ್ತದೆ" ಎಂದು ಒಂದು ಸಂದೇಶ ಹೇಳುತ್ತದೆ. "ಕಡಿಮೆ ಎಂದರೂ ಅರ್ಧ ಗಂಟೆ ಕುದಿಸಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ" ಎನ್ನುತ್ತದೆ ಇನ್ನೊಂದು. ಮೊದಲೇ ಉಪ್ಪು ಹಾಕಿದರೆ ಒಡೆಯುತ್ತದಂತೆ. ಸೌಟನ್ನು ಒಂದೇ ದಿಕ್ಕಿನಲ್ಲಿ ತಿರುಗಿಸಬೇಕಂತೆ. ಒಡೆದ ಕಢಿ ವಿಷವಂತೆ, ಚೆಲ್ಲಬೇಕಂತೆ.

ಈ ಮಾತುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಒಂದೆರಡು ಬರೀ ಸುಳ್ಳು. ಯಾವುದು ಯಾವುದು ಎಂದು ತಿಳಿಯಲು ಪಾತ್ರೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಮಜ್ಜಿಗೆ ಒಡೆಯುವುದು ಏಕೆ?

ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನ್ ಇದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಹಾಲಿನ ತುಂಬ ತೇಲುತ್ತಿರುತ್ತದೆ. ಈ ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತವೆ, ಆದ್ದರಿಂದ ಅಂಟಿಕೊಳ್ಳುವುದಿಲ್ಲ. ತಾಜಾ ಹಾಲನ್ನು ಎಷ್ಟು ಕಾಯಿಸಿದರೂ ಒಡೆಯದಿರುವುದು ಇದರಿಂದಲೇ.

ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ. ಹುಳಿ ಏರಿದಂತೆ ಉಂಡೆಗಳ ನಡುವಿನ ಆ ತಳ್ಳಾಟ ನಿಲ್ಲುತ್ತದೆ. ಅವು ಒಂದಕ್ಕೊಂದು ಕೈ ಹಿಡಿದು ಸಡಿಲವಾದ ಬಲೆಯಂತೆ ಆಗುತ್ತವೆ, ನೀರು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ನಾವು ಮೊಸರು ಎನ್ನುವುದು ಇದನ್ನೇ. ಕಡೆದು ನೀರು ಬೆರೆಸಿದಾಗ ಬಲೆ ಚೂರುಚೂರಾಗಿ ಮಜ್ಜಿಗೆಯಾಗುತ್ತದೆ.

ಈಗ ಇದನ್ನು ಒಲೆಯ ಮೇಲೆ ಇಡಿ. ಶಾಖ ತಗುಲಿದಂತೆ ಆ ಚೂರುಗಳು ಬಿಗಿಯಾಗಿ ಕುಗ್ಗುತ್ತವೆ, ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆದು ಅಂಟಿಕೊಂಡು ದೊಡ್ಡದಾಗುತ್ತವೆ. ಸ್ವಲ್ಪ ಹೊತ್ತಿಗೆ ಬಿಳಿ ಹರಳು ಒಂದು ಕಡೆ, ತಿಳಿ ನೀರು ಒಂದು ಕಡೆ. ಬಿಸಿ ಹಾಲಿಗೆ ನಿಂಬೆರಸ ಹಿಂಡಿ ಪನೀರ್ ಮಾಡುವಾಗ ನಾವು ಬೇಕೆಂದೇ ಮಾಡುವುದೂ ಹೆಚ್ಚು ಕಡಿಮೆ ಇದೇ ಕೆಲಸ.

ಅಂದರೆ "ಮಜ್ಜಿಗೆ ಕುದಿಸಿದರೆ ಒಡೆಯುತ್ತದೆ" ಎಂಬ ಮಾತು ಬರೀ ಮಜ್ಜಿಗೆಯ ಮಟ್ಟಿಗೆ ಪೂರ್ತಿ ನಿಜ. ಆದರೆ ಕಢಿ ಎಂದರೆ ಬರೀ ಮಜ್ಜಿಗೆ ಅಲ್ಲವಲ್ಲ.

ಕಡಲೆ ಹಿಟ್ಟು ಬಂದಾಗ ಬದಲಾಗುವುದೇನು?

ಕಡಲೆ ಹಿಟ್ಟಿನಲ್ಲಿ ಪ್ರೋಟೀನ್ ಜೊತೆಗೆ ಪಿಷ್ಟವೂ ಸಾಕಷ್ಟಿದೆ. ಈ ಪಿಷ್ಟ ಸಣ್ಣ ಕಾಳುಗಳ ರೂಪದಲ್ಲಿರುತ್ತದೆ. ತಣ್ಣೀರಿನಲ್ಲಿ ಅವು ಏನೂ ಮಾಡುವುದಿಲ್ಲ, ಸುಮ್ಮನೆ ತಳಕ್ಕೆ ಇಳಿಯುತ್ತವೆ. ಬಿಸಿ ಸುಮಾರು 65 ರಿಂದ 75 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ನೀರು ಹೀರಿ ಉಬ್ಬಲು ಶುರು ಮಾಡುತ್ತವೆ. ಗಂಜಿ ಗಟ್ಟಿಯಾಗುವುದೂ ಹೀಗೆಯೇ.

ಉಬ್ಬಿದ ಪಿಷ್ಟ ಕಢಿಯನ್ನು ಗಟ್ಟಿ ಮಾಡುತ್ತದೆ, ಮಜ್ಜಿಗೆಯ ಚೂರುಗಳ ನಡುವೆ ನಿಂತುಕೊಳ್ಳುತ್ತದೆ. ಖಾಲಿ ಬಯಲಿನಲ್ಲಿ ಓಡಾಡುವವರು ಸುಲಭವಾಗಿ ಒಂದೆಡೆ ಸೇರುತ್ತಾರೆ. ಜಾತ್ರೆಯ ಗುಂಪಿನಲ್ಲಿ ಪರಿಚಯದವರು ಎದುರಿಗೆ ಕಂಡರೂ ಹತ್ತಿರ ಹೋಗಲಾಗುವುದಿಲ್ಲ. ಕೇಸೀನ್ ಚೂರುಗಳ ಪಾಡೂ ಹಾಗೆ. ಅಂಟಿಕೊಳ್ಳುವ ಗುಣ ಹೋಗಿಲ್ಲ, ಒಟ್ಟುಸೇರಲು ದಾರಿ ಸಿಗುವುದಿಲ್ಲ, ಅಷ್ಟೇ. ಅದಕ್ಕೇ ಪಂಜಾಬಿನ ಪಕೋಡಾ ಕಢಿ ಮುಕ್ಕಾಲು ಗಂಟೆ ಕುದಿದರೂ ಒಡೆಯುವುದಿಲ್ಲ.

ಇಲ್ಲಿ ಮುಖ್ಯವಾದ ಒಂದು ವಿಷಯವಿದೆ. ಒಡೆಯುವ ಅಪಾಯ ಇರುವುದು ಹಿಟ್ಟು ಉಬ್ಬುವ ಮೊದಲು, ಅಂದರೆ ಒಲೆ ಹಚ್ಚಿದಾಗಿನಿಂದ ಮೊದಲ ಕುದಿ ಬರುವವರೆಗೆ. ಹಲವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲ ಹತ್ತು ನಿಮಿಷ ಕಢಿಯನ್ನು ಒಲೆಯ ಮೇಲೆ ಬಿಟ್ಟು ಬೇರೆ ಕೆಲಸ ನೋಡುತ್ತಾರೆ, ಕುದಿ ಬಂದ ಮೇಲೆ ಗಾಬರಿಯಿಂದ ಬಂದು ತಿರುವುತ್ತಾರೆ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ.

ಕೈ ಬಿಡದೆ ತಿರುವುವುದು ಏಕೆಂದರೆ ಹಿಟ್ಟು ಮಜ್ಜಿಗೆಗಿಂತ ಭಾರ. ತಿರುವದೆ ಬಿಟ್ಟರೆ ಅದು ತಳದಲ್ಲಿ ಕೂರುತ್ತದೆ. ಆಗ ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ನಡೆಯುತ್ತದೆ: ಕೆಳಗೆ ಹಿಟ್ಟು ತಳ ಹಿಡಿಯುತ್ತದೆ, ಮೇಲೆ ಹಿಟ್ಟಿಲ್ಲದ ಬರೀ ಮಜ್ಜಿಗೆ ಕಾದು ಒಡೆಯುತ್ತದೆ. "ಅಳತೆ ಸರಿಯಾಗಿಯೇ ಹಾಕಿದ್ದೆ, ಆದರೂ ಒಡೆಯಿತು" ಎನ್ನುವವರ ಪಾತ್ರೆಯ ತಳ ಕೆರೆದು ನೋಡಿದರೆ ಕಾರಣ ಅಲ್ಲೇ ಅಂಟಿಕೊಂಡಿರುತ್ತದೆ.

ತಿರುವುವ ದಿಕ್ಕಿಗೆ ಮಾತ್ರ ಯಾವ ಮಹತ್ವವೂ ಇಲ್ಲ. ಎಡಕ್ಕೋ ಬಲಕ್ಕೋ ನಿಮ್ಮಿಷ್ಟ. ಸೌಟು ತಳವನ್ನೂ ಪಾತ್ರೆಯ ಅಂಚನ್ನೂ ಮುಟ್ಟುತ್ತಿರಬೇಕು, ಅಷ್ಟು ಸಾಕು.

ಮೂರು ಜನಕ್ಕೆ ಒಂದು ಅಳತೆ

ಗುಜರಾತಿ ಮನೆಗಳ ತೆಳು ಕಢಿಯ ಲೆಕ್ಕ ಹಿಡಿದು ನೋಡೋಣ. ಒಂದು ಕಪ್ ಮೊಸರು, ಮಟ್ಟಸವಾಗಿ ಆರು ಟೀ ಚಮಚ ಕಡಲೆ ಹಿಟ್ಟು, ಎರಡು ಕಪ್ ನೀರು. ಮನೆಯಲ್ಲಿ ಮಜ್ಜಿಗೆಯೇ ಇದ್ದರೆ ಹದವಾಗಿ ನೀರು ಬೆರೆಸಿದ ಮಜ್ಜಿಗೆ ಮೂರು ಕಪ್ ತೆಗೆದುಕೊಳ್ಳಿ, ಮತ್ತೆ ನೀರು ಬೇಡ. ಪಂಜಾಬಿ ರೀತಿಯಲ್ಲಿ ಗಟ್ಟಿ ಬೇಕೆಂದರೆ ಹಿಟ್ಟು ಸುಮಾರು ಎರಡರಷ್ಟಾಗುತ್ತದೆ, ನೀರೂ ಒಂದು ಕಪ್ ಹೆಚ್ಚಾಗುತ್ತದೆ.

ಈ ಅಳತೆ ಹಸಿ ಕಡಲೆಬೇಳೆಯಿಂದ ಮಾಡಿದ, ಬಜ್ಜಿಗೆ ಬಳಸುವ ಹಿಟ್ಟಿನದು. ಚಟ್ನಿಗೆ ಹಾಕುವ ಹುರಿಗಡಲೆಯ ಪುಡಿಗೆ ಇದು ಹೊಂದುವುದಿಲ್ಲ.

ಮೊಸರು ಸ್ವಲ್ಪ ಹುಳಿಯಾಗಿದ್ದರೆ ಒಳ್ಳೆಯದೇ, ಕಢಿಗೆ ರುಚಿ ಬರುವುದೇ ಅದರಿಂದ. ತುಂಬಾ ಹುಳಿ ಅನ್ನಿಸಿದರೆ ಹಿಟ್ಟು ಒಂದು ಟೀ ಚಮಚ, ನೀರು ಅರ್ಧ ಕಪ್ ಜಾಸ್ತಿ ಮಾಡಿ. ಫ್ರಿಡ್ಜ್‌ನಿಂದ ತೆಗೆದ ಮೊಸರನ್ನು ಸ್ವಲ್ಪ ಹೊತ್ತು ಹೊರಗಿಡಿ.

ಹಿಟ್ಟನ್ನು ಜರಡಿ ಹಿಡಿದು ಒಂದು ಪಾತ್ರೆಗೆ ಹಾಕಿ. ಮೂರು ನಾಲ್ಕು ಚಮಚ ಮೊಸರು ಮಾತ್ರ ಸೇರಿಸಿ, ಬಜ್ಜಿ ಹಿಟ್ಟಿನಂತೆ ಗಟ್ಟಿಯಾಗಿ ಕಲಸಿ. ಗಂಟು ಒಡೆಯಲು ಇದೇ ಸಮಯ. ಮಿಶ್ರಣ ಗಟ್ಟಿಯಿದ್ದಾಗ ಚಮಚದ ಒತ್ತಡಕ್ಕೆ ಗಂಟು ಸಿಕ್ಕಿ ಪುಡಿಯಾಗುತ್ತದೆ. ಎಲ್ಲ ನೀರನ್ನೂ ಒಮ್ಮೆಲೇ ಸುರಿದರೆ ಗಂಟು ಚಮಚಕ್ಕೆ ಸಿಗದೆ ಜಾರಿಕೊಳ್ಳುತ್ತದೆ. ನುಣುಪಾದ ಮೇಲೆ ಉಳಿದ ಮೊಸರು, ಚಿಟಿಕೆ ಅರಿಸಿನ, ಜಜ್ಜಿದ ಶುಂಠಿ ಮತ್ತು ಹಸಿಮೆಣಸಿನಕಾಯಿ ಹಾಕಿ. ಕಡಗೋಲಿನಿಂದ ಒಂದು ನಿಮಿಷ ಕಡೆದು, ಆಮೇಲೆ ನೀರು ಸೇರಿಸಿ.

ದಪ್ಪ ತಳದ ಪಾತ್ರೆಗೆ ಇದನ್ನು ತಣ್ಣಗಿರುವಾಗಲೇ ಸುರಿದು, ಮಧ್ಯಮ ಉರಿಯಲ್ಲಿ ಇಡಿ. ಹಿತ್ತಾಳೆ ಪಾತ್ರೆಯಾದರೆ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ಹುಳಿಗೆ ಲೋಹ ಕರಗಿ ಕಢಿಗೆ ಇಳಿಯುತ್ತದೆ. ಒಗ್ಗರಣೆ ಮೊದಲೇ ಹಾಕುವ ಅಭ್ಯಾಸ ಇದ್ದವರು ಒಲೆ ಆರಿಸಿ, ಎಣ್ಣೆ ಸ್ವಲ್ಪ ತಣಿದ ಮೇಲೆ ಮಜ್ಜಿಗೆ ಸುರಿಯಬೇಕು. ಕಾದ ಬಾಣಲೆಯ ತಳಕ್ಕೆ ತಗುಲಿದ ಮಜ್ಜಿಗೆ ಹಿಟ್ಟು ಉಬ್ಬುವುದಕ್ಕೆ ಕಾಯುವುದಿಲ್ಲ.

ಇಲ್ಲಿಂದ ಸುಮಾರು ಎಂಟು ಹತ್ತು ನಿಮಿಷ ತಿರುವುತ್ತಲೇ ಇರಿ. ಮೊದಲು ಏನೂ ಆಗದಂತೆ ಕಾಣುತ್ತದೆ, ನೀರು ನೀರಾಗಿಯೇ ಇರುತ್ತದೆ. ಆಮೇಲೆ ಆವಿ ಏಳುತ್ತದೆ, ಅಂಚಿನಲ್ಲಿ ನೊರೆ ಬರುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಸೌಟು ಎಳೆಯುವಾಗ ಕೈಗೆ ಸಣ್ಣ ತಡೆ ಸಿಗುತ್ತದೆ. ಹಿಟ್ಟು ಉಬ್ಬಿದ ಗುರುತು ಅದು. ಸೌಟನ್ನು ಎತ್ತಿ ಬೆನ್ನು ನೋಡಿ: ಮೊದಲು ನೀರಿನಂತೆ ಪೂರ್ತಿ ಜಾರುತ್ತಿದ್ದ ಕಢಿ ಈಗ ತೆಳುವಾದ ಪದರವಾಗಿ ಅಂಟಿಕೊಂಡಿರುತ್ತದೆ.

ಕುದಿ ಬಂದು ಉಕ್ಕಲು ಶುರುವಾದಾಗ ಉರಿ ಸಣ್ಣ ಮಾಡಿ. ಇನ್ನು ನೀವು ಒಲೆ ಮುಂದೆ ನಿಂತೇ ಇರಬೇಕಿಲ್ಲ. ಎರಡು ಮೂರು ನಿಮಿಷಕ್ಕೊಮ್ಮೆ ತಳ ಮುಟ್ಟಿ ತಿರುವಿದರೆ ಸಾಕು. ಈಗ ತಿರುವುವುದು ಒಡೆಯದಿರಲಿ ಎಂದಲ್ಲ, ತಳ ಹಿಡಿಯದಿರಲಿ ಎಂದು. ಹೀಗೆ ಹದಿನೈದು ನಿಮಿಷ ಕುದಿದರೆ ಕಡಲೆ ಹಿಟ್ಟಿನ ಹಸಿ ವಾಸನೆ ಹೋಗುತ್ತದೆ. ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿ. ಹಸಿ ಬೇಳೆಯ ರುಚಿ ಬಂದರೆ ಇನ್ನೈದು ನಿಮಿಷ ಬಿಡಿ.

ಬೆಲ್ಲ, ಉಪ್ಪು, ಕೊನೆಯಲ್ಲಿ ತುಪ್ಪದ ಒಗ್ಗರಣೆ. ಸಾಸಿವೆ, ಜೀರಿಗೆ, ಇಂಗು, ಲವಂಗ, ಕರಿಬೇವು. ಚಟಪಟ ಎನ್ನುವ ತುಪ್ಪ ಮೇಲೆ ಬಿದ್ದರೆ ಕಢಿ ಒಡೆಯುತ್ತದೆ ಎಂದು ಹೆದರಬೇಡಿ, ಅಷ್ಟು ಹೊತ್ತಿಗೆ ಅದು ಗಟ್ಟಿಗೊಂಡಿರುತ್ತದೆ.

ಹಾಗಾದರೆ ಉಪ್ಪಿನ ಕಥೆ?

ಉಪ್ಪು ಕೊನೆಯಲ್ಲಿ ಹಾಕುವುದರಿಂದ ನಷ್ಟವೇನಿಲ್ಲ. ಕಢಿ ಕುದಿದು ಇಳಿಯುವುದರಿಂದ ರುಚಿ ನೋಡಿ ಹಾಕಲು ಅನುಕೂಲವೂ ಹೌದು. ಆದರೆ ಕಢಿಯನ್ನು ಕಾಪಾಡುವುದು ಉಪ್ಪಿನ ಸಮಯ ಅಲ್ಲ. ಹಿಟ್ಟು ಸಾಕಷ್ಟಿದ್ದು, ಮೊದಲ ಕುದಿಯವರೆಗೆ ತಿರುವಿದರೆ, ಮೊದಲೇ ಉಪ್ಪು ಹಾಕಿದರೂ ಕಢಿ ನುಣುಪಾಗಿಯೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಮಜ್ಜಿಗೆ ಕಡೆಯುವಾಗಲೇ ಉಪ್ಪು ಹಾಕುತ್ತಾರೆ. ಹಿಟ್ಟು ಕಡಿಮೆಯಾದರೆ ಉಪ್ಪನ್ನು ಎಷ್ಟು ತಡ ಮಾಡಿದರೂ ಕಢಿ ಒಡೆಯಬಹುದು.

ನಂಬಿಕೆ ಬಾರದಿದ್ದರೆ ಅರ್ಧ ಅರ್ಧ ಕಪ್ ನೀರು ಮಜ್ಜಿಗೆಯಲ್ಲಿ ಪರೀಕ್ಷೆ ಮಾಡಬಹುದು. ಒಂದನ್ನು ಹಾಗೆಯೇ ಕುದಿಸಿ. ಇನ್ನೊಂದಕ್ಕೆ ಒಂದು ಟೀ ಚಮಚ ಕಡಲೆ ಹಿಟ್ಟು ಕಲಸಿ ತಿರುವುತ್ತಾ ಕುದಿಸಿ. ಮೂರನೆಯದಕ್ಕೆ ಅಷ್ಟೇ ಹಿಟ್ಟಿನ ಜೊತೆ ಚಿಟಿಕೆ ಉಪ್ಪನ್ನೂ ಮೊದಲೇ ಹಾಕಿ, ಅದನ್ನೂ ತಿರುವುತ್ತಾ ಕುದಿಸಿ. ಮೊದಲನೆಯದು ಒಡೆಯುತ್ತದೆ. ಎರಡು ಮತ್ತು ಮೂರನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಗುರುತಿಸಲು ರುಚಿಯನ್ನೇ ನೋಡಬೇಕಾಗುತ್ತದೆ.

ಚಿಟಿಕೆ ಅಡುಗೆ ಸೋಡಾ ಹಾಕಿದರೆ ಒಡೆಯುವುದಿಲ್ಲ ಎಂಬ ಸಲಹೆಯೂ ಇದೆ. ಸೋಡಾ ಹುಳಿಯನ್ನು ಕೊಲ್ಲುವುದರಿಂದ ಒಡೆಯುವ ಸಂಭವ ಕಡಿಮೆಯಾಗುತ್ತದೆ, ನಿಜ. ಆದರೆ ಹುಳಿಯಿಲ್ಲದ ಕಢಿ ಯಾರಿಗೆ ಬೇಕು? ಕೈ ಸ್ವಲ್ಪ ಜೋರಾದರೆ ಸೋಡಾ ವಾಸನೆ ಬರುತ್ತದೆ, ಅರಿಸಿನ ಕೆಂಪಗಾಗಿ ಕಢಿಯ ಬಣ್ಣವೂ ಕೆಡುತ್ತದೆ.

"ಕುದಿಸಬೇಡಿ" ಎಂದವರು ಸುಳ್ಳು ಹೇಳಿದ್ದರೇ?

ಇಲ್ಲ. ಅವರು ಬೇರೆ ಅಡುಗೆಯ ಮಾತು ಹೇಳಿದ್ದರು. ಮಹಾರಾಷ್ಟ್ರದಲ್ಲಿ ತಾಕಾಚಿ ಕಢಿಗೆ ಹಲವರು ಹಿಟ್ಟನ್ನು ತೀರಾ ಕಡಿಮೆ ಹಾಕುತ್ತಾರೆ, ಕುಡಿಯುವಷ್ಟು ತೆಳ್ಳಗೆ ಮಾಡುತ್ತಾರೆ. ಹಾಗೆ ಮಾಡಿದಾಗ ಕುದಿ ಬರುವ ಮುಂಚೆಯೇ ಇಳಿಸುವುದೇ ಸರಿ. ನಮ್ಮ ಮಜ್ಜಿಗೆ ಹುಳಿಯಲ್ಲೂ ಅಷ್ಟೇ: ನೆನೆಸಿದ ಕಡಲೆಬೇಳೆ, ತೆಂಗಿನಕಾಯಿ ರುಬ್ಬಿ ಹಾಕುತ್ತೇವೆ, ಬೂದುಗುಂಬಳದ ಹೋಳು ಮತ್ತು ಮಸಾಲೆ ಮೊದಲು ಬೆಂದಿರುತ್ತದೆ, ಮಜ್ಜಿಗೆ ಕೊನೆಗೆ ಬರುತ್ತದೆ. ಅಲ್ಲಿ ಬೇಳೆ ಕೈ ಹಿಡಿಯುತ್ತದೆ, ಆದರೆ ಪ್ರಮಾಣ ಮನೆಯಿಂದ ಮನೆಗೆ ಬದಲಾಗುತ್ತದೆ. ಅದಕ್ಕೇ "ಒಂದು ಕುದಿ ಬಂದ ಕೂಡಲೇ ಇಳಿಸು" ಎಂದು ಅಜ್ಜಿಯರು ಹೇಳುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಕಡಲೆ ಹಿಟ್ಟು ಕಲಸಿ ಮಾಡುವ ಮಜ್ಜಿಗೆ ಸಾರು ಮಾತ್ರ ಕಢಿಯ ಸಾಲಿಗೇ ಸೇರುತ್ತದೆ, ಚೆನ್ನಾಗಿ ಕುದಿಸಬಹುದು.

ಹಾಗಾಗಿ ಎರಡು ಸಲಹೆಗಳಲ್ಲಿ ಜಗಳವಿಲ್ಲ. ಹಿಟ್ಟು ಸಾಕಷ್ಟಿದ್ದರೆ ಕುದಿಸಿ. ಇಲ್ಲದಿದ್ದರೆ ಬಿಸಿ ಮಾಡಿ ಇಳಿಸಿ. ಒಂದು ಅಡುಗೆಯ ನಿಯಮವನ್ನು ಇನ್ನೊಂದಕ್ಕೆ ಫಾರ್ವರ್ಡ್ ಮಾಡಿದಾಗ ತೊಂದರೆ. ತೆಳು ಕಢಿಯನ್ನು ಅರ್ಧ ಗಂಟೆ ಕುದಿಸಿದವರ ಮಜ್ಜಿಗೆ ಒಡೆಯುತ್ತದೆ, ಆರು ಚಮಚ ಹಿಟ್ಟು ಹಾಕಿ ಕುದಿಸದೆ ಇಳಿಸಿದವರು ಹಸಿ ಹಿಟ್ಟು ತಿನ್ನುತ್ತಾರೆ. ಬೇಯದ ಕಡಲೆ ಹಿಟ್ಟು ಹಲವರಿಗೆ ಹೊಟ್ಟೆ ಉಬ್ಬರ ತರುತ್ತದೆ. ಅರ್ಧ ಗಂಟೆಯ ಸಂದೇಶದಲ್ಲಿರುವ ನಿಜ ಇಷ್ಟೇ.

ಇಷ್ಟಾದರೂ ಒಡೆದರೆ?

ಮೊದಲು ನಿಜವಾಗಿ ಒಡೆದಿದೆಯೇ ನೋಡಿ. ಚಮಚದಲ್ಲಿ ಒಂದು ತುಣುಕು ಎತ್ತಿ ಬೆರಳಿನಿಂದ ಒತ್ತಿ. ಅಂಟಂಟಾಗಿದ್ದು, ಒಳಗೆ ಒಣ ಹಿಟ್ಟು ಕಂಡರೆ ಅದು ಹಿಟ್ಟಿನ ಗಂಟು. ಕಢಿ ಒಡೆದಿಲ್ಲ, ಕಲಸಿದ್ದು ಸರಿಯಾಗಿಲ್ಲ. ಜರಡಿಯಲ್ಲಿ ಸೋಸಿ, ಗಂಟನ್ನು ಒತ್ತಿ ಮತ್ತೆ ಸೇರಿಸಿ. ಇಳಿಸಿಟ್ಟ ಮೇಲೆ ಮೇಲುಗಡೆ ಒಂದಿಷ್ಟು ತಿಳಿ ನಿಂತು, ಸೌಟು ಆಡಿಸಿದ ಕೂಡಲೇ ಬೆರೆತುಹೋದರೆ ಅದೂ ಒಡೆದದ್ದಲ್ಲ. ಹಿಟ್ಟು ಸ್ವಲ್ಪ ಕಡಿಮೆಯಾಗಿದೆ ಅಷ್ಟೇ. ಎಷ್ಟು ತಿರುವಿದರೂ ರವೆಯಂಥ ಹರಳು ಬೇರೆ, ಸುತ್ತ ನೀರು ಬೇರೆ ಎಂದು ಉಳಿದರೆ ಆಗ ಒಡೆದಿದೆ ಎನ್ನಬಹುದು.

ಒಡೆದ ಕಢಿ ವಿಷವಲ್ಲ. ಅದರಲ್ಲಿರುವುದು ಮೊದಲಿದ್ದ ಅದೇ ಪ್ರೋಟೀನ್, ಅದೇ ನೀರು; ಬೇರೆ ಬೇರೆಯಾಗಿ ಕೂತಿವೆ ಅಷ್ಟೇ. ಪನೀರ್ ತಿನ್ನುವವರು ಇದಕ್ಕೆ ಹೆದರಬೇಕಿಲ್ಲ. ಆದರೆ ಬಳಸಿದ ಮೊಸರಿಗೇ ಬೂಷ್ಟು ಹಿಡಿದಿದ್ದರೆ, ಕೆಟ್ಟ ವಾಸನೆ, ಕಹಿ ಇದ್ದರೆ ಅದು ಬೇರೆ ಮಾತು. ಅಂಥ ಮೊಸರು ಒಡೆದರೂ ಒಡೆಯದಿದ್ದರೂ ಬೇಡ.

ಸರಿ ಮಾಡುವ ದಾರಿ ಇದೆ. ಒಲೆ ಆರಿಸಿ ಕಢಿ ತಣಿಯಲು ಬಿಡಿ. ಎರಡು ಮೂರು ಟೀ ಚಮಚ ಕಡಲೆ ಹಿಟ್ಟನ್ನು ಕಾಲು ಕಪ್ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ. ತಣಿದ ಕಢಿಯನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಹರಳು ಸಣ್ಣ ಮಾಡಿ, ಹಿಟ್ಟಿನ ನೀರು ಸೇರಿಸಿ, ಮೊದಲಿನಂತೆ ಕೈ ಬಿಡದೆ ಕುದಿ ಬರಿಸಿ, ಹತ್ತು ನಿಮಿಷ ಕುದಿಸಿ. ಬಿಸಿ ಕಢಿಯನ್ನು ಮಿಕ್ಸಿಗೆ ಹಾಕಬೇಡಿ, ಆವಿಯ ಒತ್ತಡಕ್ಕೆ ಮುಚ್ಚಳ ಹಾರಬಹುದು. ಹೀಗೆ ಸರಿ ಮಾಡಿದ ಕಢಿ ನೋಡಲು ಚೆನ್ನಾಗಿರುತ್ತದೆ. ನಾಲಿಗೆಗೆ ಮಾತ್ರ ಸಣ್ಣ ತರಿ ಉಳಿದೀತು. ಒಮ್ಮೆ ಬಿಗಿದುಕೊಂಡ ಪ್ರೋಟೀನನ್ನು ಮೊದಲಿನಷ್ಟು ಮೆತ್ತಗೆ ಮಾಡಲು ಬರುವುದಿಲ್ಲ. ಬಿಸಿ ಕಢಿಗೆ ನೇರವಾಗಿ ಒಣ ಹಿಟ್ಟು ಉದುರಿಸುವ ಆತುರ ಬೇಡ. ಹೊರಗಿನ ಹಿಟ್ಟು ಕ್ಷಣದಲ್ಲಿ ಬೆಂದು ಗೋಡೆಯಾಗುತ್ತದೆ, ಒಳಗೆ ನೀರು ಹೋಗುವುದಿಲ್ಲ. ಒಡೆದ ಕಢಿಯ ಜೊತೆಗೆ ಗಂಟೂ ಸಿಗುತ್ತದೆ.

ಮಿಕ್ಕ ಕಢಿ ಫ್ರಿಡ್ಜ್‌ನಲ್ಲಿ ಮರುದಿನಕ್ಕೆ ಗಟ್ಟಿಯಾಗಿರುತ್ತದೆ. ಕೆಟ್ಟಿದೆ ಎಂದಲ್ಲ, ತಣಿದ ಪಿಷ್ಟ ಹೆಪ್ಪುಗಟ್ಟಿದೆ. ಅರ್ಧ ಕಪ್ ಬಿಸಿ ನೀರು ಸೇರಿಸಿ, ಸಣ್ಣ ಉರಿಯಲ್ಲಿ ತಳ ಕೆರೆಯುತ್ತಾ ಕುದಿ ಬರಿಸಿ. ಈ ಸಲ ಉಕ್ಕದಂತೆ ನೋಡಿಕೊಂಡರೆ ಆಯಿತು, ಹಿಟ್ಟು ಬೆಂದಿರುವುದರಿಂದ ಒಡೆಯುವ ಚಿಂತೆ ಹೆಚ್ಚಿಲ್ಲ. ಆದರೆ ಹುಳಿ ಸಾಲದೆಂದು ಮತ್ತಷ್ಟು ಮಜ್ಜಿಗೆ ಸೇರಿಸುವುದಾದರೆ ಅದಕ್ಕೂ ಅದರ ಪಾಲಿನ ಹಿಟ್ಟು ಕಲಸಿಯೇ ಹಾಕಿ, ಮತ್ತೆ ಹತ್ತು ನಿಮಿಷ ಬೇಯಿಸಿ.